ಟವೆಲ್ ಕೇಳಿದ ಓವರ್

ಪಂಕಜಾಕ್ಷಿ ತನ್ನ ಗಂಡನ ಆಟಕ್ಕೆ ತಾನೇ ಕಲ್ಲು ಹಾಕಿದ್ದಳು, ಅದೂ ಲೆಕ್ಕ ಹಾಕಿ. ಕಡೂರಿನ ಕಾಲೇಜಿನಲ್ಲಿ ಗಣಿತ ಹೇಳುವವಳು, ಊರಿನ ತಂಡಕ್ಕೆ ವರ್ಷಗಳಿಂದ ಸ್ಕೋರ್ ಬರೆಯುವವಳು. ಫೈನಲ್ಲಿನ ಹಿಂದಿನ ದಿನ ಕ್ಯಾಪ್ಟನ್ ಶಿವಮೂರ್ತಪ್ಪ ಬಂದು, "ಅಕ್ಕಾ, ಸಂಜೆ ಮ್ಯಾಚಲ್ಲಿ ಎರಡ್ನೇದಾಗಿ ಬ್ಯಾಟ್ ಮಾಡಿದ್ರೆ ಎಷ್ಟು ಲಾಭ, ಹಳೇ ಮ್ಯಾಚ್ ನೋಡಿ ಹೇಳಿ" ಅಂದಿದ್ದ. ಅವಳು ಹೇಳಿಬಿಟ್ಟಳು: ದೀಪದ ಕೆಳಗೆ ಹದಿನಾರು ಮ್ಯಾಚಿನಲ್ಲಿ ಹನ್ನೆರಡರ ಗೆಲುವು ಬೆನ್ನಟ್ಟಿದವರದು, ಹಗಲಿನಲ್ಲಿ ಇಪ್ಪತ್ತಕ್ಕೆ ಹನ್ನೊಂದೇ. ಗುರಿ ಗೊತ್ತಿರುವ ಅನುಕೂಲ ಹಗಲಿನಲ್ಲೂ ಇದ್ದೇ ಇರುತ್ತದೆ, ಸಂಜೆ ಅದರ ಮೇಲೆ ಸಿಗುವ ಹೆಚ್ಚಿನದು ಇಬ್ಬನಿಯದು.

"ಹಾಗಾದ್ರೆ ಸ್ಪಿನ್ನರ್‌ನ ಹೊರಗೆ ಕೂರಿಸ್ಬೇಕು. ಚೆಂಡು ಒದ್ದೆಯಾದ್ರೆ ತೀರ್ಥಣ್ಣನ ಕೈಯಲ್ಲಿ ನಿಲ್ಲಲ್ಲ" ಅಂದು ಅವನು ಹೋದ.

ತೀರ್ಥಪ್ಪನೇ ಅವಳ ಗಂಡ. ನಲವತ್ತೆರಡು ದಾಟಿತ್ತು, ಮಂಡಿ ನೋವು ಬೇರೆ. ಇದೇ ಕೊನೆಯ ಮ್ಯಾಚ್ ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಸುದ್ದಿ ಕೇಳಿದ ಮೇಲೂ ಶೂಗೆ ಬಿಳಿ ಬಳಿದು ಜಗಲಿಯ ಬಿಸಿಲಿಗೆ ಇಟ್ಟಿದ್ದ. ಪುಣ್ಯಾತ್ಮ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಫೈನಲ್ ದಿನ ಬೆಳಿಗ್ಗೆ ಸ್ಕೋರ್ ಪುಸ್ತಕಗಳನ್ನು ಮತ್ತೆ ಹರಡಿದಳು. ಒಂದು ತಪ್ಪು ಕಣ್ಣಿಗೆ ಬಿತ್ತು: ಯುಗಾದಿ ಕಡೆಯ ಇಬ್ಬನಿಯಿಲ್ಲದ ಸೆಕೆಯ ಸಂಜೆಗಳನ್ನೂ ಚಳಿಗಾಲದವನ್ನೂ ಒಂದೇ ರಾಶಿಗೆ ಹಾಕಿದ್ದಳು. ಬೇಸಿಗೆಯ ಆರನ್ನು ಬೇರೆ ಮಾಡಿದಳು, ಅವುಗಳಲ್ಲಿ ಬೆನ್ನಟ್ಟಿದವರು ಗೆದ್ದದ್ದು ಮೂರು. ಈ ಫೈನಲ್ಲಿನ ಹಾಗೆ ಚಳಿಗಾಲದಲ್ಲಿ ನಡೆದ ಉಳಿದ ಹತ್ತರಲ್ಲಿ ಒಂಬತ್ತು! ಗಂಡನನ್ನು ಉಳಿಸಹೋದರೆ ಲೆಕ್ಕ ಇನ್ನಷ್ಟು ಮುಳುಗಿಸಿತು. ಫೈನಲ್ಲಿನ ಎದುರಾಳಿ ತರೀಕೆರೆಯವರು ಬೆನ್ನಟ್ಟಿ ಗೆದ್ದ ಮೂರನ್ನು ಬಿಟ್ಟು ನೋಡಿದಳು, ಅವರು ಹಗಲಲ್ಲೂ ಗೆಲ್ಲುವ ಜನ. ಆದರೂ ಏಳಕ್ಕೆ ಆರು. ಇಷ್ಟು ಕಡಿಮೆ ಮ್ಯಾಚ್ ನಂಬಿ ಇಬ್ಬನಿಯ ಲಾಭ ಪೂರಾ ಅಷ್ಟೇ ಅನ್ನುವಂತಿಲ್ಲ, ಆದರೆ ಇಲ್ಲ ಅನ್ನುವಂತೆಯೂ ಇಲ್ಲ.

ಆಗ ಅವಳ ಕಣ್ಣು ಪುಟದ ಅಂಚಿನ 'ಟ' ಮೇಲೆ ನಿಂತಿತು. ಅಂಪೈರು ಚೆಂಡು ಒರೆಸಲು ಟವೆಲ್ ಕೇಳಿದ ಓವರಿನ ಎದುರು 'ಟ' ಹಾಕುವುದು ಅವಳ ಹಳೇ ಚಾಳಿ. ಆ ಚಳಿಗಾಲದ ಪುಟಗಳಲ್ಲಿ 'ಟ' ಬಂದದ್ದು ಎರಡನೇ ಇನಿಂಗ್ಸಿನ ಒಂಬತ್ತು, ಹತ್ತನೇ ಓವರಿಗೆ. ಒಂದೇ ಒಂದು ಸಲ ಎಂಟಕ್ಕೆ. ಅದಕ್ಕಿಂತ ಮೊದಲು ಇಲ್ಲವೇ ಇಲ್ಲ.

ಸೆರಗು ಸಿಕ್ಕಿಸಿಕೊಂಡು ಶಿವಮೂರ್ತಪ್ಪನ ಕೊಬ್ಬರಿ ಮಂಡಿಗೆ ನಡೆದಳು.

"ಟಾಸ್ ಗೆದ್ರೆ ನಾವು ಬೆನ್ನಟ್ಟೋದು. ಮೊದಲು ಬೌಲಿಂಗ್, ಇಬ್ಬನಿ ಇರಲ್ಲ. ಸೋತ್ರೆ ಮೊದಲ ಓವರಿಂದ ಒಂದೇ ಕಡೆಯಿಂದ ನಮ್ಮನೆಯವರಿಗೆ ಕೊಡು. ಒಂದು, ಮೂರು, ಐದು, ಏಳು. ಚೆಂಡು ಒದ್ದೆಯಾಗೋ ಮೊದ್ಲೇ ಅವರ ನಾಲ್ಕು ಓವರೂ ಮುಗಿಯುತ್ತೆ" ಅಂದಳು.

ಅವನು ಅವಳ ಮುಖ ನೋಡಿದ. "ಅಕ್ಕಾ, ಇದು ಲೆಕ್ಕನೋ, ಗಂಡನ ಮೇಲಿನ ಪ್ರೀತೀನೋ?"

"ಪ್ರೀತಿ ಇದೆ ಕಣಪ್ಪ, ಇಲ್ಲ ಅನ್ನಲ್ಲ. ಅದಕ್ಕೇ ಅವರಾಡಿದ ಮ್ಯಾಚ್ ಅಷ್ಟನ್ನೂ ಬಿಟ್ಟು ಮತ್ತೆ ನೋಡ್ದೆ. ಆಗ್ಲೂ ಎಂಟನೇ ಓವರಿಗೆ ಮುಂಚೆ ಅಂಪೈರು ಟವೆಲ್ ಕೇಳಿಲ್ಲ. ಆದರೆ ಕೊನೇಲಿ ಮ್ಯಾಚ್ ಉಳಿಯುತ್ತೆ ಅಂತ ನಾನು ಹೇಳಲ್ಲ."

ಟಾಸ್ ಸೋತರು. ತರೀಕೆರೆಯವರು ಕಣ್ಣು ಮುಚ್ಚಿ ಬೌಲಿಂಗ್ ಆರಿಸಿಕೊಂಡರು. ಕಡೂರು ಇಪ್ಪತ್ತು ಓವರಿಗೆ ನೂರ ಹದಿನೆಂಟು. ಆಕಾಶ ನಿಚ್ಚಳ, ಎಲೆ ಅಲುಗಾಡುತ್ತಿರಲಿಲ್ಲ. ಅಂಥ ಸಂಜೆಯಲ್ಲೇ ಇಬ್ಬನಿ ಇಳಿಯುವುದು.

ತೀರ್ಥಪ್ಪ ಹೊಸ ಚೆಂಡು ಹಿಡಿದ. ಚೆಂಡು ಇನ್ನೂ ಒದ್ದೆಯಾಗಿರಲಿಲ್ಲ, ಮ್ಯಾಟಿನ ಮೇಲೆ ಬಿದ್ದು ಸರಿಯಾಗಿ ತಿರುಗಿತು. ನಾಲ್ಕು ಓವರ್, ಹದಿಮೂರು ರನ್, ಎರಡು ವಿಕೆಟ್. ಏಳನೇ ಓವರಿನ ಕೊನೆಯ ಚೆಂಡು ಹಾಕಿ ಅವನು ಸ್ಕೋರರ್ ಮೇಜಿನ ಕಡೆ ಒಮ್ಮೆ ನೋಡಿದ. ಪಂಕಜಾಕ್ಷಿ ತಲೆ ಬಗ್ಗಿಸಿ ಬರೆಯುತ್ತಿದ್ದಳು; ಕಣ್ಣು ತುಂಬಿ ಅಂಕೆ ಕಾಣುತ್ತಿರಲಿಲ್ಲ.

ಒಂಬತ್ತನೇ ಓವರಿಗೆ ಅಂಪೈರು ಟವೆಲ್ ಕೇಳಿದ.

ಆಮೇಲೆ ಆಗಬೇಕಾದ್ದೇ ಆಯಿತು. ಚೆಂಡು ಜಾರಿತು, ಫುಲ್‌ಟಾಸ್ ಬಿದ್ದವು. ತೀರ್ಥಪ್ಪ ಬೌಂಡರಿ ಗೆರೆಯ ಬಳಿ ನಿಂತು, ಬಂದ ಚೆಂಡನ್ನೆಲ್ಲ ತನ್ನ ಅಂಗಿಯಲ್ಲಿ ಒರೆಸಿ ಒರೆಸಿ ಹುಡುಗರಿಗೆ ಎಸೆದ. ತರೀಕೆರೆ ಎರಡು ಚೆಂಡು ಉಳಿದಿರುವಾಗ ಗೆದ್ದಿತು.

ಜನ ಚದುರಿದ ಮೇಲೆ ಅವನು ಕುಂಟುತ್ತಾ ಮೇಜಿನ ಹತ್ತಿರ ಬಂದ. ಅಂಗಿಯ ಎದೆಯೆಲ್ಲ ಒದ್ದೆ.

"ಬೆನ್ನಟ್ಟಿದವರದು ಹತ್ತಕ್ಕೆ ಒಂಬತ್ತಿತ್ತು. ಈಗ ಹನ್ನೊಂದಕ್ಕೆ ಹತ್ತು" ಅಂದಳು ಅವಳು. "ಸೋತ್ಬಿಟ್ವಲ್ಲ ರೀ."

"ಸೋತ್ವಿ, ಬಿಡೇ. ನಿನ್ನೆ ಶಿವಮೂರ್ತಪ್ಪ ಬೇಡ ಅಂದಾಗ ನಂಗೆ ಆಡೋದು ತಪ್ತು ಅಂತ ನೋವಾಗ್ಲಿಲ್ಲ ಕಣೇ. ನಿನ್ನ ಲೆಕ್ಕದಲ್ಲೂ ನಾನು ಬೇಡವಾದ್ನಲ್ಲ ಅಂತ ಆಯ್ತು."

ಅವಳು ಪುಸ್ತಕ ಮುಚ್ಚಲು ಹೋದರೆ ಪುಟಗಳೂ ಬೆರಳೂ ಇಬ್ಬನಿಗೆ ನೆನೆದಿದ್ದವು. ತೀರ್ಥಪ್ಪ ಅಂಪೈರು ಬಿಟ್ಟುಹೋದ ಟವೆಲಿನಲ್ಲಿ ಒದ್ದೆಯಾಗದ ಮೂಲೆ ಹುಡುಕಿ, ಅವಳ ಕೈಗಳನ್ನು ಒಂದೊಂದಾಗಿ ಒರೆಸಿದ.