ಜಡೆಯ ನೆರಳು

ಎಕ್ಸ್-ರೇ ಕೋಣೆಯಲ್ಲಿ ಫಿಲ್ಮು ತೊಳೆಯುವ ಮದ್ದಿನ ಆ ಹುಳಿ ವಾಸನೆ ಇರಲಿಲ್ಲ. ಮಗಳು ಶ್ರೀಜಳ ಕೆಮ್ಮಿಗೆಂದು ಜೊತೆಗೆ ಬಂದಿದ್ದ ಓಮನ ಮೊದಲು ಗಮನಿಸಿದ್ದು ಅದನ್ನೇ. ಈಗ ಕಣ್ಣು ಮಿಟುಕಿಸುವುದರೊಳಗೆ ಪರದೆಯ ಮೇಲೆ ಎದೆಗೂಡು ಮೂಡುತ್ತದೆ. ಅವಳ ಕಾಲದಲ್ಲಿ ಫಿಲ್ಮನ್ನು ಕತ್ತಲಕೋಣೆಯಲ್ಲಿ ತೊಳೆದು, ಮಳೆಗಾಲದ ಬಟ್ಟೆಯ ಹಾಗೆ ತಂತಿಗೆ ನೇತುಹಾಕುತ್ತಿದ್ದರು. ಹನಿ ತೊಟ್ಟಿಕ್ಕುತ್ತಿತ್ತು. ಒಣಗುವ ತನಕ ಜನ ಹೊರಗೆ ಕಾಯುತ್ತಿದ್ದರು.

ಆಗ ಶ್ರೀಜ ಮೊಲೆ ಕುಡಿಯುವ ಕೂಸು. ಓಮನಳ ಕೆಮ್ಮು ನಿಲ್ಲದೆ ಅತ್ತೆ ಅವಳನ್ನು ಇದೇ ಗುಡ್ಡದ ಆಸ್ಪತ್ರೆಗೆ ಕರೆತಂದಿದ್ದರು. ನಸುಕಿನಲ್ಲಿ ತೋಡಿನಲ್ಲಿ ಮುಳುಗಿ ಎದ್ದು, ಎಣ್ಣೆ ಹಚ್ಚಿದ ಒದ್ದೆ ಕೂದಲನ್ನೇ ಹೆಣೆದು ಹೊರಟಿದ್ದಳು. ಜಡೆ ಮಣಿಕಟ್ಟಿನಷ್ಟು ದಪ್ಪ.

ಎಕ್ಸ್-ರೇ ತೆಗೆಯುವ ಅನ್ನಕುಟ್ಟಿಯನ್ನು ಎಲ್ಲರೂ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದರು. ಅವರು ಜಡೆಯನ್ನು ತಲೆಯ ಮೇಲೆ ಸುತ್ತಿ ಕಟ್ಟಲು ಹೇಳಿ, ಒಂದು ಸಡಿಲ ಅಂಗಿ ಕೊಟ್ಟರು. ಓಮನ ಕಟ್ಟಿಯೂ ಕಟ್ಟಿದಳು. ಅಷ್ಟರಲ್ಲಿ ಗಂಡಾಳೊಬ್ಬ ಪೆಟ್ಟಿಗೆ ಹೊತ್ತು ಒಳಗೆ ಬಂದ. ಅಂಗಿಯ ಕೊರಳು ಅಗಲ. ನಾಚಿಕೆಯಿಂದ ಅವಳು ಜಡೆ ಬಿಚ್ಚಿ ಬಲಭುಜದ ಮೇಲಿಂದ ಮುಂದಕ್ಕೆಳೆದು ಎದೆ ಮುಚ್ಚಿಕೊಂಡಳು. ಫಿಲ್ಮು ತರಲು ಹೋಗಿದ್ದ ಚೇಚಿ ಬಂದಾಗ ಅವಳು ಫಿಲ್ಮಿನ ಹಲಗೆಗೆ ಎದೆಯೊತ್ತಿ ನಿಂತಾಗಿತ್ತು. ಹಿಂದಿನಿಂದ ನೋಡಿದವರಿಗೆ ಬೆನ್ನು ಖಾಲಿ. ಕೂದಲು ಮೇಲೆ ಕಟ್ಟಿದೆ ಎಂದೇ ಅವರು ತಿಳಿದರು.

ಡಾಕ್ಟರ್ ಕುರುವಿಳ ಹಸಿ ಫಿಲ್ಮು ನೋಡಿ ಹುಬ್ಬು ಗಂಟಿಕ್ಕಿದರು. ಬಲಗಡೆಯ ಶ್ವಾಸಕೋಶದ ಮೇಲ್ತುದಿಯಲ್ಲಿ ಬಿಳಿ ಮಚ್ಚೆ ಇದೆ, ಕ್ಷಯ ಇರಬಹುದು ಎಂದರು. ಆಚೆ ಗುಡ್ಡದ ವಾರ್ಡಿಗೆ ಸೇರಬೇಕು, ಕೂಸನ್ನು ದೂರ ಇಡಬೇಕು. ಹೊರಗೆ ಸಾಲು ಬೆಳೆದಿತ್ತು. ಅತ್ತೆ ಕೂಸನ್ನು ಅವಳ ತೋಳಿನಿಂದ ತೆಗೆದುಕೊಂಡರು. ಅದು ಸೆರಗು ಹಿಡಿದೇ ಇತ್ತು. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

ಫಿಲ್ಮು ಒಣಗುವವರೆಗೆ ಓಮನ ಕತ್ತಲಕೋಣೆಯ ಬಾಗಿಲಲ್ಲಿ ಕುಳಿತಳು. ಯಾರನ್ನೂ ಏನೂ ಕೇಳುವ ಸ್ವಭಾವ ಅವಳದಲ್ಲ. ಆದರೆ ಅಂದು ಕೇಳಿದಳು.

"ಚೇಚಿ, ಬಿಳಿ ಅಂದ್ರೆ ರೋಗಾನಾ? ಪಕ್ಕೆಲುಬೂ ಬೆಳ್ಳಗಿದೆಯಲ್ಲ?"

ಚೇಚಿ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಕಣ್ಣಿಗೆ ಕಾಣದ ಕಿರಣ ಮೈಯೊಳಗೆ ಹಾದು ಬರ್ತದೆ ಮಗಳೇ. ಶ್ವಾಸಕೋಶದ ತುಂಬ ಗಾಳಿ. ಗಾಳಿ ಏನು ತಡೀತದೆ? ಕಿರಣ ಸೀದಾ ಬಂದು ಫಿಲ್ಮಿಗೆ ಬಡೀತದೆ, ಬಡಿದ ಕಡೆ ಕಪ್ಪು. ಮೂಳೇಲಿ ಸುಣ್ಣ ಇದೆ, ಒತ್ತಾಗಿದೆ. ಅದು ಕಿರಣಾನ ನುಂಗಿಬಿಡ್ತದೆ, ನಮ್ಮ ಚರ್ಚಿನ ಪಾದ್ರಿ ಮರಗೆಣಸು, ಮೀನು ನುಂಗಿದ ಹಾಗೆ. ಹಿಂದಿನ ಫಿಲ್ಮಿಗೆ ಏನೂ ಉಳಿಯಲ್ಲ. ಅದಕ್ಕೇ ಬಿಳಿ."

"ಮಾಂಸ? ನೀರು?"

"ಅವು ನಡುವಿನವು. ಸ್ವಲ್ಪ ನುಂಗಿ ಸ್ವಲ್ಪ ಬಿಡ್ತವೆ. ಕ್ಷಯದಲ್ಲಿ ಗಾಳಿ ಇರೋ ಜಾಗದಲ್ಲಿ ಕೀವು ತುಂಬ್ತದೆ. ಆಗ ಕಪ್ಪಿರಬೇಕಾದ ಕಡೆ ಬೆಳ್ಳಗಾಗ್ತದೆ."

ಓಮನ ಮಚ್ಚೆಯನ್ನೇ ನೋಡುತ್ತ ನಿಂತಳು. ಅದು ಉದ್ದಕ್ಕಿತ್ತು. ಕೊರಳ ಪಕ್ಕದಿಂದಲೇ ಹೊರಟು, ಕೊರಳೆಲುಬನ್ನು ದಾಟಿ ಇಳಿದಿತ್ತು. ಅಂಚು ಏಣುಏಣಾಗಿ, ಹೆಣೆದ ಹಾಗೆ.

"ಚೇಚಿ, ಶ್ವಾಸಕೋಶ ಕೊರಳ ತನಕ ಇರ್ತದಾ?"

"ಅಷ್ಟು ಮೇಲೆ ಎಲ್ಲಿ ಇರ್ತದೆ?"

ಓಮನ ಬೆನ್ನ ಮೇಲಿದ್ದ ಜಡೆಯನ್ನು ಮೆಲ್ಲಗೆ ಬಲಭುಜದ ಮೇಲಿಂದ ಮುಂದಕ್ಕೆ ತಂದಳು. ಇನ್ನೂ ಒದ್ದೆಯಾಗಿತ್ತು. "ಇದು ಕಿರಣ ನುಂಗ್ತದಾ?"

ಚೇಚಿ ಜಡೆ ನೋಡಿದರು, ಫಿಲ್ಮು ನೋಡಿದರು. ಜಡೆ ಹಿಂಡಿದರು, ಅಂಗೈ ತೇವವಾಯಿತು.

"ನೀರು, ಎಣ್ಣೆ, ಇಷ್ಟು ದಪ್ಪ. ನುಂಗದೆ ಇನ್ನೇನು," ಎಂದರು. "ಕಟ್ಟು ಅಂದಿದ್ದೆ ಅಲ್ವಾ ಕಳ್ಳಿ?"

ಕಾರಿಡಾರಿನಲ್ಲಿ ಮತ್ತೆ ಪೆಟ್ಟಿಗೆ ಹೊತ್ತು ಹೋಗುತ್ತಿದ್ದ ಆ ಗಂಡಾಳಿನ ಕಡೆ ಅವಳು ಕಣ್ಣಿನಲ್ಲೇ ತೋರಿಸಿದಳು. ಚೇಚಿಗೆ ಅರ್ಥವಾಯಿತು. ಅವಳಿಗೆ ಮತ್ತೆ ಅಂಗಿ ತೊಡಿಸಿ, ಅದರ ಕೊರಳಿಗೆ ತಮ್ಮ ಸೀರೆಯ ಪಿನ್ನು ಹಾಕಲು ಹೋದವರು, ಲೋಹವೂ ಬೆಳ್ಳಗೆ ಬೀಳುತ್ತದೆಂದು ನೆನೆದು ದಾರದಿಂದ ಬಿಗಿದರು. ತಾವೇ ಜಡೆಯನ್ನು ನೆತ್ತಿಗೆ ಸುತ್ತಿ ಮತ್ತೊಂದು ಫಿಲ್ಮು ತೆಗೆದರು.

ಈ ಸಲ ಎರಡು ಶ್ವಾಸಕೋಶವೂ ತುದಿಯವರೆಗೆ ಕಪ್ಪು. ಡಾಕ್ಟರು ಎರಡೂ ಫಿಲ್ಮನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿ, ಕಫದ ಪರೀಕ್ಷೆ ಹೇಗೂ ಮಾಡಿಸೋಣ, ವಾರ್ಡು ಬೇಡ ಎಂದರು. ಕಫದಲ್ಲೂ ಏನೂ ಸಿಗಲಿಲ್ಲ. ಕೆಮ್ಮು ಕಷಾಯಕ್ಕೆ ಹೋಯಿತು. ಆದರೆ ಆ ದಿನದ ನೆನಪೆಂದರೆ ಅತ್ತೆ ಕೂಸನ್ನು ತಿರುಗಿ ಕೊಟ್ಟದ್ದು, ಅದು ಬಾಯಿ ಹಾಕಿದ ರಭಸ, ಕಾರಿಡಾರಿನ ತುಂಬ ಆ ಹುಳಿ ವಾಸನೆ.

"ಅಮ್ಮೇ, ಮುಗೀತು," ಎಂದಳು ಶ್ರೀಜ. ಪರದೆಯ ಮೇಲೆ ಅವಳ ಶ್ವಾಸಕೋಶಗಳು ಅಮಾವಾಸ್ಯೆಯಷ್ಟು ಕಪ್ಪಾಗಿದ್ದವು. ಓಮನಳ ಕೈ ತಾನಾಗಿ ಬಲಭುಜಕ್ಕೆ ಹೋಯಿತು. ಅಲ್ಲೀಗ ಬೆರಳ ದಪ್ಪದ ನರೆಗೂದಲ ಎಳೆ. ಅವಳು ಅದನ್ನು ಮುಂದಕ್ಕೆಳೆದುಕೊಂಡು, ಅಂದು ಚೇಚಿ ತನಗೆ ಸುತ್ತಿದ ಹಾಗೆಯೇ ಎಕ್ಸ್-ರೇಗೆ ಮೊದಲು ತಾನು ಮಗಳ ನೆತ್ತಿಗೆ ಸುತ್ತಿ ಕಟ್ಟಿದ್ದ ಕೂದಲ ಗಂಟು ಬಿಚ್ಚಿದಳು.