ತಂಡದ ಸಿಮ್ ಯಾರ ಜೇಬಿನಲ್ಲಿ

ರಕ್ತದಾನಿಗಳ ಬಳಗಕ್ಕೆ ಹೊಸ ನಿಯಮ ಬರೆಯುವ ಕೆಲಸ ತನ್ನ ಪಾಲಿಗೆ ಬಂದಾಗ ಜನ್ನಾಪುರದ ಭವಾನಿ ಮೊದಲು ನೆನೆದದ್ದು ದೇವರನ್ನಲ್ಲ, ಅದೇ ಬಳಗದಲ್ಲಿದ್ದ ಶಿವಮೊಗ್ಗದ ನಾಗೇಶನನ್ನು.

ಬಳಗದ ಫೇಸ್‌ಬುಕ್ ಪುಟದಲ್ಲಿ ಇಷ್ಟು ದಿನ ಯಾರು ಬೇಕಾದರೂ ಏನು ಬೇಕಾದರೂ ಹಾಕುತ್ತಿದ್ದರು. ಹಾಗೆಯೇ ಒಂದು ದಿನ ನಾಗೇಶ ಭವಾನಿಯನ್ನು ಕೇಳದೆ ಅವಳ ಸ್ವಂತ ಫೋನ್ ನಂಬರನ್ನು ಹಾಕಿಬಿಟ್ಟ. ಆಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಕುಡುಕರ ಕರೆ, ಅಸಹ್ಯದ ಮಾತು. ಅತ್ತೆಯ ಮುಖ ದಪ್ಪಗಾಯಿತು, ಗಂಡ ಮಾತು ಕಡಿಮೆ ಮಾಡಿದ. ಕೊನೆಗೆ ಅವಳು ನಂಬರನ್ನೇ ಬದಲಾಯಿಸಿದಳು. ಅದನ್ನು ಹೇಳಿಕೊಂಡರೆ ನಾಗೇಶ ನಕ್ಕಿದ್ದ.

"ಸೇವೆ ಅಂದ್ಮೇಲೆ ಇದೆಲ್ಲ ಇದ್ದದ್ದೇ ಮಾರಾಯ್ತಿ."

ಆ ನಗು ಅವಳ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತ್ತು. ಈಗ ಅದನ್ನು ಊದುವ ಕಾಲ ಬಂತು. ಬಳಗದ ವಾಟ್ಸಾಪ್ ಗುಂಪಿಗೆ ಬರೆದಳು:

"ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ಯಾರೂ ನೇರವಾಗಿ ಪುಟದಲ್ಲಿ ಹಾಕುವಂತಿಲ್ಲ. ಪ್ರತಿ ಕೋರಿಕೆಯೂ ಮೊದಲು ಎಲ್ಲರಿಗೂ ಕಾಣುವ ಒಂದೇ ಸರದಿ ಪಟ್ಟಿಗೆ, ಅಂದರೆ ಕ್ಯೂಗೆ ಬರಬೇಕು. ಕೈಗೆತ್ತಿಕೊಂಡವರು ಅದರ ಮೇಲೆ ತಮ್ಮ ಹೆಸರು ಹಾಕಿ, ರೋಗಿಯ ಕಡೆಯವರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಪುಟಕ್ಕೆ ಹಾಕಲು ಬರೆದವರೇ ಒಪ್ಪಿಗೆ ಕೊಡುವಂತಿಲ್ಲ, ಇನ್ನೊಬ್ಬರು ಕೊಡಬೇಕು. ರಕ್ತ ಸಿಕ್ಕ ತಕ್ಷಣ ಪೋಸ್ಟ್ ಮುಚ್ಚಿ. ಯಾರ ಸ್ವಂತ ನಂಬರೂ ಬೇಡ, ತಂಡದ ಸಿಮ್‌ನ ನಂಬರ್ ಮಾತ್ರ. ಆ ಸಿಮ್ ತಿಂಗಳಿಗೊಬ್ಬರ ಬಳಿ ಇರುತ್ತದೆ. ಮೊದಲ ತಿಂಗಳು ನಾಗೇಶ್ ಅವರದು. ಆಕ್ಷೇಪಣೆ ಇದ್ದರೆ ಭಾನುವಾರದೊಳಗೆ ತಿಳಿಸಿ."

ನಾಗೇಶ ಉದ್ದದ ಸಂದೇಶವನ್ನು ಎಂದೂ ಓದಿದವನಲ್ಲ. ಎಲ್ಲರಿಗಿಂತ ಮೊದಲು ಹೆಬ್ಬೆರಳು ಎತ್ತಿದ್ದು ಅವನೇ. ಭವಾನಿ ಅಂದು ಬೆಲ್ಲ ಜಾಸ್ತಿ ಹಾಕಿ ಕಾಫಿ ಕುಡಿದಳು.

ಹೊಸ ಪದ್ಧತಿ ಚೆನ್ನಾಗಿಯೇ ನಡೆಯಿತು. ಒಬ್ಬನೇ ದಾನಿಗೆ ಮೂವರು ಫೋನ್ ಮಾಡುವ ಗೋಜಲು ತಪ್ಪಿತು. ಅವಳ ಕಿವಿ ಮಾತ್ರ ನಾಗೇಶನ ಗೋಳಿಗೆ ಕಾಯುತ್ತಿತ್ತು. ವಾರ ಕಳೆದರೂ ಅವನ ಸುದ್ದಿಯಿಲ್ಲ. ಒಂದು ಮಧ್ಯಾಹ್ನ ತಂಡದ ನಂಬರಿನಿಂದ ಕರೆ ಬಂತು. ಮಾತಾಡಿದ್ದು ಹೆಂಗಸು, ನಾಗೇಶನ ಹೆಂಡತಿ ಕವನ.

"ಮೇಡಂ, ಈ ಸಿಮ್ಮನ್ನ ಬೇರೆಯವ್ರಿಗೆ ಕೊಡೋಕಾಗುತ್ತಾ? ನಮ್ಮನೆಯವ್ರು ನನ್ ಫೋನಿಗೆ ಹಾಕಿ ತಾವು ಮಲ್ಕೊಂಡ್ಬಿಡ್ತಾರೆ. ಯಾರ್ಯಾರೋ ಕುಡ್ದು ಏನೇನೋ ಮಾತಾಡ್ತಾರೆ. ನಂಗೆ ಫೋನ್ ಬಡ್ಕೊಂಡ್ರೇ ಎತ್ತೋಕೆ ಹೆದ್ರಿಕೆ ಆಗುತ್ತೆ."

ಭವಾನಿಗೆ ನಾಚಿಕೆಯಾಯಿತು. ಅವನಿಗೆ ತೋಡಿದ ಗುಂಡಿಗೆ ಬಿದ್ದವಳು ತನ್ನಂಥವಳೇ ಇನ್ನೊಬ್ಬಳು. ಆದರೆ ನಾಚಿಕೆಯ ಬೆನ್ನಿಗೇ ಸಿಟ್ಟು ಇಮ್ಮಡಿಯಾಗಿ ಏರಿತು. ಕವನಳ ಬಳಿ ತಪ್ಪಾಯಿತು ಎಂದಳು, ಸಿಮ್ ಈಗಲೇ ತೆಗೆದು ಗಂಡನ ಕೈಗೆ ಕೊಡಲು ಹೇಳಿದಳು. ಆಮೇಲೆ ನಿಯಮಕ್ಕೆ ತಿದ್ದುಪಡಿ ಬರೆದು ಕ್ಯೂಗೆ ಹಾಕಿದಳು. ಬರೆದವಳೇ ಒಪ್ಪುವಂತಿಲ್ಲವಲ್ಲ, ಬಳಗದ ಜಾಕಿರ್ ಓದಿ ಒಪ್ಪಿಗೆ ಕೊಟ್ಟ.

"ತಂಡದ ಸಿಮ್ ಅದನ್ನು ಪಡೆದವರ ಸ್ವಂತ ಫೋನಿನಲ್ಲೇ ಇರಬೇಕು. ಕರೆಗೆ ಅವರೇ ಉತ್ತರಿಸಬೇಕು, ಮನೆಯವರಿಗೆ ದಾಟಿಸುವಂತಿಲ್ಲ. ನಾಗೇಶ್ ಅವರ ತಿಂಗಳು ಇಂದಿನಿಂದ ಮತ್ತೆ ಶುರು."

ಈ ಸಲ ನಾಗೇಶ ಓದಿದ. ನಾಲ್ಕನೇ ದಿನ ಅವನೇ ಫೋನ್ ಮಾಡಿದ. ಕಣ್ಣಿಗೆ ನಿದ್ದೆಯಿಲ್ಲ, ಬಾಯಿಬಿಟ್ಟು ಹೇಳಲಾಗದ ಮಾತು ಕೇಳಬೇಕಾಗಿದೆ, ಹೆಂಡತಿ ತಿರುಗಿಯೂ ನೋಡುವುದಿಲ್ಲ ಎಂದು ಅಲವತ್ತುಕೊಂಡ. ಭವಾನಿ ಪೂರ್ತಿ ಕೇಳಿಸಿಕೊಂಡಳು.

"ಸೇವೆ ಅಂದ್ಮೇಲೆ ಇದೆಲ್ಲ ಇದ್ದದ್ದೇ ಮಾರಾಯ," ಎಂದಳು, ನಗಲಿಲ್ಲ.