ಬಸ್ಸಿನ ರಾಜಿ

ಕರೀಂ ಸಾಬರು ಹುಬ್ಬಳ್ಳಿಯ ವ್ಯಾಪಾರಿಯೊಬ್ಬನಿಂದ ಆ ಕಾಲದಲ್ಲಿ ಆರುನೂರು ರೂಪಾಯಿಗೆ ಕೊಂಡ ಹಳೆಯ ಬಸ್ಸು ಯಲ್ಲಾಪುರದ ದಾರಿಯ ಏರಿನಲ್ಲಿ ತಿಂಗಳು ತುಂಬುವ ಮೊದಲೇ ಕೆಟ್ಟು ನಿಂತಿತು. ಎಂಜಿನ್ ಹೊಸದಾಗಿ ಕಟ್ಟಿಸಿದ್ದೆಂದು ವ್ಯಾಪಾರಿ ಹೇಳಿದ್ದು ಸುಳ್ಳಾಗಿತ್ತು. ಕೊಟ್ಟ ದುಡ್ಡು ವಾಪಸ್ ಬೇಕೆಂದು ಕರೀಂ ಶಿರಸಿಯ ತಮ್ಮ ವಕೀಲರಿಂದ ಅವನಿಗೆ ನೋಟೀಸು ಕೊಡಿಸಿದರು.

ಕೊನೆಗೆ ವ್ಯಾಪಾರಿಯ ಗುಮಾಸ್ತ ಸಂಗಯ್ಯ ರಾಜಿಪತ್ರ ಹಿಡಿದು ಆ ವಕೀಲರ ಕಚೇರಿಗೆ ಬಂದ.

"ಇನ್ನೂರು ರೂಪಾಯಿ ವಾಪಸ್ ಕೊಡ್ತೀವ್ರಿ. ಬಸ್ಸು ನಿಮಗೇ ಇರ್ಲಿ. ಮುಂದ ಮಾತ್ರ ಯಾವ ತಕರಾರೂ ಮಾಡಬಾರದ್ರಿ."

"ನನಗೆ ಪೂರಾ ದುಡ್ಡು ಬೇಕು!" ಎಂದು ಕರೀಂ ಗುಡುಗಿದರು.

"ದಾವೆ ಹಾಕಿದರೆ ಗೆಲ್ಲಬಹುದು. ಆದ್ರೆ ತೀರ್ಪು ಬರೋವರೆಗೆ ಬಸ್ಸು ನಿಂತೇ ಇರ್ತದೆ," ಎಂದರು ವಕೀಲರು.

ಕರೀಮರ ಜೊತೆ ಬಂದಿದ್ದ ಅವರ ತಾಯಿ ಬಿಸ್ಮಿಲ್ಲಾ ಬಿ ಆಗ ಬಾಯಿ ತೆರೆದರು. "ರಿಪೇರಿಗೆ ಇನ್ನೂರೈವತ್ತು ಆಗ್ತದೆ ಅಂದಿದಾನೆ ಮಿಸ್ತ್ರಿ. ಅಷ್ಟು ಇಲ್ಲೇ ಎಣಿಸಿಕೊಟ್ರೆ ಮಗ ಸಹಿ ಮಾಡ್ತಾನೆ."

ಸಂಗಯ್ಯ ನಕ್ಕುಬಿಟ್ಟ. "ಇನ್ನೂರೈವತ್ತರ ತನಕ ಒಪ್ಪಿಕೋ ಅಂತ ನಮ್ಮ ಧಣಿ ಹೇಳ್ಯಾರ್ರಿ, ಅಮ್ಮಾ!"

ಕರೀಮರಿಗೂ ನಗು ತಡೆಯಲಾಗಲಿಲ್ಲ. ವಕೀಲರು ಪತ್ರದಲ್ಲಿ ಮೊತ್ತ ತಿದ್ದಿದರು, ತಿದ್ದಿದ ಕಡೆಯೂ ಪತ್ರದ ಕೆಳಗೂ ಕರೀಂ, ಸಂಗಯ್ಯ ಇಬ್ಬರೂ ಸಹಿ ಹಾಕಿದರು. ದುಡ್ಡು ಕೈಗೆ ಬಂದ ಮೇಲೆ ಕರೀಂ ಸ್ಟಾಂಪು ಹಚ್ಚಿದ ರಸೀದಿಗೂ ಸಹಿ ಮಾಡಿದರು.

ರಿಪೇರಿಯಾದ ಬಸ್ಸು ಯಲ್ಲಾಪುರಕ್ಕೆ ಹೊರಟ ದಿನ ಬಿಸ್ಮಿಲ್ಲಾ ಬಿ ಬಸ್ಸು ಓಡಿಸುತ್ತಿದ್ದ ಮಗನ ಪಕ್ಕ ಮುಂದಿನ ಸೀಟಿನಲ್ಲಿ ಕೂತಿದ್ದರು. ಹಿಂದೆ ಕೆಟ್ಟು ನಿಂತಿದ್ದ ಆ ಏರು ಹತ್ತಿ ಮುಗಿದಾಗ ಹಿಂದಿದ್ದ ಜನರೆಲ್ಲ ಚಪ್ಪಾಳೆ ತಟ್ಟಿದರು.

"ಹಾರನ್ ಹೊಡಿಯೋ ಕರೀಂ," ಎಂದರು ಬಿಸ್ಮಿಲ್ಲಾ ಬಿ, "ಊರಿಗೆಲ್ಲ ಕೇಳಲಿ!"